ಹೊಸ ಸೇಲ್ಸ್ ಮ್ಯಾನೇಜರ್‌ಗೆ ಮೊದಲ 90 ದಿನ: ಮೂಟೆ ಎಣಿಸಿ

ನಿಮಗೆ ಬಡ್ತಿ ಸಿಕ್ಕಿದೆ, ಜೊತೆಗೆ ಗುರುತಿಲ್ಲದ ತಂಡ. ಪಶು ಆಹಾರ ಮಾರಾಟ, ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳು ನಿಮ್ಮವು ಅಂತಿಟ್ಕೊಳ್ಳಿ.

ಮೊದಲ 30 ದಿನ ಟಾರ್ಗೆಟ್ ಮುಟ್ಟಬೇಡಿ. ತಂಡದ ಪ್ರತಿಯೊಬ್ಬರ ಜೊತೆ ಒಂದೊಂದು ದಿನ ಅಂಗಡಿಗಳನ್ನ ಸುತ್ತಿ, ಗೋಡೌನಿನಲ್ಲಿ ಮೂಟೆ ಎಣಿಸಿ. ಮೂಗೂರಿನ ಒಂದು ಅಂಗಡಿಗೆ 3 ತಿಂಗಳಲ್ಲಿ 300 ಮೂಟೆ ಬಿಲ್ ಆಗಿದೆ ಅನ್ನಿ. ಶುರುವಿನಲ್ಲಿ ಸ್ಟಾಕ್ ಇರಲಿಲ್ಲ, ಈಗ 180 ಉಳಿದಿವೆ. ಅಂದ್ರೆ ರೈತರಿಗೆ ಹೋಗಿದ್ದು 120, ತಿಂಗಳಿಗೆ 40. ರಿಪೋರ್ಟ್ ಮಾತ್ರ 100 ಅನ್ನುತ್ತೆ. ಬಿಲ್ಲುಗಳೆಲ್ಲ ತಿಂಗಳ ಕೊನೇ ವಾರದಲ್ಲೇ ಇದ್ರೆ, ಟಾರ್ಗೆಟ್‌ಗೋಸ್ಕರ ಅಂಗಡಿ ತುಂಬಿಸಿರಬಹುದು.

31ರಿಂದ 60ನೇ ದಿನ ಆ ಅಂಗಡಿಗೆ ಹೊಸ ಬಿಲ್ ನಿಲ್ಲಿಸಿ. ಬೂಷ್ಟು ಹಿಡಿಯೋ ಮೊದಲು ಹೆಚ್ಚುವರಿ ಮೂಟೆಗಳನ್ನ ವ್ಯಾಪಾರ ಜೋರಿರೋ ಅಂಗಡಿಗೆ ಸಾಗಿಸಿ. ಬಿಲ್ಲಿಂಗ್ ಇಳಿಯುತ್ತೆ ಅಂತ ಮೇಲಿನವರಿಗೆ ಈ ಲೆಕ್ಕ ತೋರಿಸಿ ಮೊದಲೇ ಹೇಳಿ. ಇಲ್ಲಾಂದ್ರೆ ಆ ಇಳಿತ ನಿಮ್ಮ ತಲೆಗೇ ಬರುತ್ತೆ.

61ರಿಂದ 90ನೇ ದಿನ ಹೊಸ ಟಾರ್ಗೆಟ್ ಕೊಡಿ, 100ರ ಮೇಲಲ್ಲ, 40ರ ಮೇಲೆ. ತಿಂಗಳ ಕೊನೆಗೆ ಮತ್ತೆ ಎಣಿಸಿ: ಮೊದಲಿದ್ದ ಸ್ಟಾಕಿಗೆ ಬಂದದ್ದು ಕೂಡಿಸಿ, ಸಾಗಿಸಿದ್ದು, ಉಳಿದದ್ದು ಕಳೆದರೆ ನಿಜವಾದ ಮಾರಾಟ. ಮಳೆಗಾಲದಲ್ಲಿ ಹಸಿ ಮೇವು ಸಿಕ್ಕಾಗ ಅದು ತಾನಾಗೇ ಇಳಿಯಬಹುದು. ಅದಕ್ಕೇ ಹೋದ ವರ್ಷದ ಇದೇ ತಿಂಗಳ ಲೆಕ್ಕ ನೋಡದೆ ಯಾರನ್ನೂ ಸೋಮಾರಿ ಅನ್ನಬೇಡಿ.