ನಿಫ್ಟಿ ದಾಖಲೆ ಏರಿದೆ, ನನ್ನ ಫಂಡ್ ಏಕೆ ಏರಲಿಲ್ಲ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಿಫ್ಟಿ ಹೊಸ ದಾಖಲೆ ಬರೆಯಿತೆಂದು ಟಿವಿಯಲ್ಲಿ ಹೇಳುತ್ತಾರೆ. ನನ್ನ ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಫಂಡುಗಳು ಮಾತ್ರ ತಿಂಗಳುಗಳಿಂದ ಕೆಂಪಿನಲ್ಲಿವೆ. ಇಂಡಿಯಾ ವಿಐಎಕ್ಸ್ 12ರಲ್ಲಿದೆ, ಹೆದರುವಂಥದ್ದು ಏನೂ ಇಲ್ಲ, ಗ್ರಾಚ್ಯುಟಿ ಹಣವನ್ನು ಒಟ್ಟಿಗೇ ಹಾಕು ಎನ್ನುತ್ತಾನೆ ನನ್ನ ಅಳಿಯ. ಹಾಕಲೇ?
– ಓದುಗರು, ದಾವಣಗೆರೆ

ಮೇಷ್ಟ್ರೇ, ಒಟ್ಟಿಗೇ ಹಾಕಬೇಡಿ. ಅಳಿಯಂದಿರು ಹೇಳಿದ ಅಂಕಿ ಸರಿಯೇ ಇರಬಹುದು, ಆದರೆ ನಿಮ್ಮ ಪ್ರಶ್ನೆಗೆ ಆ ಅಂಕಿ ಉತ್ತರ ಕೊಡುವುದಿಲ್ಲ.

ವಿಐಎಕ್ಸ್ ಲೆಕ್ಕ ಹಾಕುವುದು ನಿಫ್ಟಿ ಆಪ್ಷನ್‌ಗಳ ಬೆಲೆಯಿಂದ. ಮುಂದಿನ 30 ದಿನಗಳಲ್ಲಿ ನಿಫ್ಟಿ ಎಷ್ಟು ಆಚೀಚೆ ಆದೀತು ಎಂಬ ವ್ಯಾಪಾರಿಗಳ ಅಂದಾಜು ಅದು, ವಾರ್ಷಿಕ ಶೇಕಡಾವಾರಿನಲ್ಲಿ ಹೇಳಿದ್ದು. ತಿಂಗಳ ಲೆಕ್ಕಕ್ಕೆ ಇಳಿಸಲು 12ರ ವರ್ಗಮೂಲದಿಂದ, ಅಂದರೆ ಸುಮಾರು 3.46ರಿಂದ ಭಾಗಿಸಬೇಕು. ವಿಐಎಕ್ಸ್ 12 ಇದ್ದರೆ, ತಿಂಗಳೊಳಗೆ ನಿಫ್ಟಿ ಶೇ 3.5ರಷ್ಟು ಮೇಲೆ ಅಥವಾ ಕೆಳಗೆ, ಅಷ್ಟರೊಳಗೇ ಇರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ಎಂದರ್ಥ. ಏರುತ್ತದೋ ಇಳಿಯುತ್ತದೋ ಎಂದು ಅದು ಹೇಳುವುದಿಲ್ಲ. ನಿಮ್ಮ ಸ್ಮಾಲ್‌ಕ್ಯಾಪ್ ಷೇರುಗಳ ಬಗ್ಗೆಯಂತೂ ಅದರಲ್ಲಿ ಒಂದಕ್ಷರವೂ ಇಲ್ಲ.

ನಿಫ್ಟಿಯಲ್ಲಿ 50 ಷೇರುಗಳಿದ್ದರೂ ಎಲ್ಲಕ್ಕೂ ಒಂದೇ ತೂಕವಿಲ್ಲ. ಮೂರು ದೊಡ್ಡ ಷೇರುಗಳ ಪಾಲು ಶೇ 25 ಎಂದಿಟ್ಟುಕೊಳ್ಳಿ. ಅವು ಶೇ 4ರಷ್ಟು ಏರಿದರೆ ಸೂಚ್ಯಂಕಕ್ಕೆ ಶೇ 1 ಸೇರುತ್ತದೆ. ಉಳಿದ 47 ಷೇರುಗಳೂ ಶೇ 1ರಷ್ಟು ಬಿದ್ದರೆ ಹೋಗುವುದು ಶೇ 0.75. ಕೊನೆಗೆ ನಿಫ್ಟಿ ಶೇ 0.25 ಏರಿಕೆಯಲ್ಲಿ ಮುಗಿಯುತ್ತದೆ, ಟಿವಿಯಲ್ಲಿ ಹಸಿರು ಬಾಣ ಬರುತ್ತದೆ. ಏರಿದವು, ಬಿದ್ದವು ಒಂದನ್ನೊಂದು ಸರಿದೂಗಿಸುವುದರಿಂದ ಸೂಚ್ಯಂಕದ ಏರಿಳಿತ ಚಿಕ್ಕದಾಗುತ್ತದೆ, ಅದರ ಜೊತೆ ವಿಐಎಕ್ಸ್ ಕೂಡ ತಗ್ಗುತ್ತದೆ. ಅಂದರೆ, ಏರಿಕೆ ಕೆಲವೇ ಷೇರುಗಳಿಗೆ ಸೀಮಿತವಾಗಿರುವುದೇ ವಿಐಎಕ್ಸ್ ಕೆಳಗಿರಲು ಒಂದು ಕಾರಣವಾಗಬಹುದು. ಅದನ್ನು ಧೈರ್ಯದ ಗುರುತೆಂದು ಓದುವುದು ತಪ್ಪಾಗುವುದು ಇಲ್ಲೇ.

2018ರಲ್ಲಿ ಹೀಗೇ ಆಯಿತು. ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಸೂಚ್ಯಂಕಗಳು ಜನವರಿಯಲ್ಲೇ ಶಿಖರ ಮುಟ್ಟಿ ಇಳಿಯತೊಡಗಿದವು. ಬಜೆಟ್ಟಿನಲ್ಲಿ ಬಂದ ದೀರ್ಘಾವಧಿ ಲಾಭದ ತೆರಿಗೆ, ಮ್ಯೂಚುವಲ್ ಫಂಡ್‌ಗಳನ್ನು ಹೊಸದಾಗಿ ವಿಂಗಡಿಸಿದ ಸೆಬಿ ನಿಯಮ, ಎರಡೂ ಅವಕ್ಕೆ ಭಾರವಾದವು. ರಿಲಯನ್ಸ್, ಟಿಸಿಎಸ್‌ನಂಥ ದೊಡ್ಡ ಷೇರುಗಳು ಮಾತ್ರ ಏರುತ್ತಲೇ ಹೋದವು. ಆಗಸ್ಟ್ 28ರಂದು ನಿಫ್ಟಿ 11,738ರ ದಾಖಲೆಯಲ್ಲಿ ಮುಗಿದಾಗ ಸಣ್ಣ ಷೇರುಗಳು ಜನವರಿಯ ಮಟ್ಟದಿಂದ ಬಹಳ ಕೆಳಗಿದ್ದವು. ವಿಐಎಕ್ಸ್ 12ರ ಆಸುಪಾಸಿನಲ್ಲಿತ್ತು. ಮೇಲಿನ ಲೆಕ್ಕದಂತೆ, ತಿಂಗಳಿಗೆ ಸುಮಾರು 400 ಅಂಶಗಳ ಏರಿಳಿತ. ಸೆಪ್ಟೆಂಬರಿನಲ್ಲಿ ಐಎಲ್ ಆ್ಯಂಡ್ ಎಫ್ಎಸ್ ಸಾಲದ ಕಂತು ಕಟ್ಟಲಾಗದೆ ನಿಂತಿತು. ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಸಾಲ ಸಿಗುವುದೇ ಕಷ್ಟವಾಯಿತು. ಸೆಪ್ಟೆಂಬರ್ 28ಕ್ಕೆ ನಿಫ್ಟಿ 10,930. ತಿಂಗಳಲ್ಲಿ 800 ಅಂಶ ಹೋಗಿತ್ತು, ಅಂದಾಜಿನ ಎರಡರಷ್ಟು. ಅಕ್ಟೋಬರ್ ಕೊನೆಯ ಹೊತ್ತಿಗೆ 10,030ಕ್ಕೂ ಇಳಿಯಿತು. ಐಎಲ್ ಆ್ಯಂಡ್ ಎಫ್ಎಸ್ ಸುದ್ದಿಯನ್ನು ಯಾವ ಮಾಪಕವೂ ಮೊದಲೇ ಹೇಳಿರಲಿಲ್ಲ. ಆದರೆ ಪೆಟ್ಟು ಬಿದ್ದಾಗ ತಡೆದುಕೊಳ್ಳುವ ಷೇರುಗಳು ಎಷ್ಟು ಕಡಿಮೆ ಉಳಿದಿವೆ ಎಂಬುದು ಏಳು ತಿಂಗಳಿಂದ ಕಾಣುತ್ತಲೇ ಇತ್ತು.

ಇದನ್ನು ನೀವೇ ನೋಡಿಕೊಳ್ಳಬಹುದು. ಎನ್ಎಸ್ಇಯಲ್ಲಿ ದಿನವೂ ಏರಿದ ಷೇರುಗಳೆಷ್ಟು, ಇಳಿದವೆಷ್ಟು ಎಂಬ ಲೆಕ್ಕ ಸಿಗುತ್ತದೆ. ಒಂದು ದಿನದ ಅಂಕಿಗೆ ಬೆಲೆಯಿಲ್ಲ. ನಿಫ್ಟಿ ಏರಿದ ದಿನಗಳಲ್ಲೂ ಇಳಿದವೇ ಹೆಚ್ಚು ಎಂಬುದು ವಾರಗಟ್ಟಲೆ ನಡೆದರೆ ಗಮನಿಸಿ. ನಾನು ಹೆಚ್ಚು ನಂಬುವುದು ಇನ್ನೊಂದನ್ನು: ನಿಫ್ಟಿ 500ರ ಷೇರುಗಳಲ್ಲಿ ಎಷ್ಟು ತಮ್ಮ 200 ದಿನಗಳ ಸರಾಸರಿಗಿಂತ ಮೇಲಿವೆ ಎಂಬುದು. ವಹಿವಾಟೇ ಇಲ್ಲದ ಚಿಲ್ಲರೆ ಷೇರುಗಳು ಇಲ್ಲಿ ಲೆಕ್ಕ ಕೆಡಿಸುವುದಿಲ್ಲ. ಸೂಚ್ಯಂಕ ದಾಖಲೆಯಲ್ಲಿದ್ದು ಈ ಪಾಲು ಅರ್ಧಕ್ಕಿಂತ ಕೆಳಗಿದ್ದರೆ ಏರಿಕೆಯ ಬುಡ ಗಟ್ಟಿಯಿಲ್ಲ. ಇಷ್ಟೂ ಸಾಕಾಗದಿದ್ದರೆ, 50 ಷೇರುಗಳಿಗೂ ಒಂದೇ ತೂಕ ಕೊಡುವ ನಿಫ್ಟಿ 50 ಈಕ್ವಲ್ ವೆಯ್ಟ್ ಸೂಚ್ಯಂಕವನ್ನು ಮಾಮೂಲಿ ನಿಫ್ಟಿಯ ಪಕ್ಕದಲ್ಲಿಟ್ಟು ನೋಡಿ.

ಹಾಗೆಂದು ಇದ್ದದ್ದನ್ನು ಮಾರಿ ಹೊರಬನ್ನಿ ಎನ್ನುತ್ತಿಲ್ಲ. ಇಂಥ ಇಕ್ಕಟ್ಟಾದ ಏರಿಕೆ ತಿಂಗಳುಗಟ್ಟಲೆ ಮುಂದುವರಿಯಬಹುದು, ಹಿಂದುಳಿದ ಷೇರುಗಳೇ ಮೇಲೆದ್ದು ಜೊತೆಗೂಡಲೂಬಹುದು. ಈ ಮಾಪಕಗಳು ದಿನಾಂಕ ಕೊಡುವುದಿಲ್ಲ.

ನಿಮ್ಮ ಗ್ರಾಚ್ಯುಟಿಯಲ್ಲಿ ಮುಂದಿನ ಐದು ವರ್ಷಕ್ಕೆ ಬೇಕಾದ ಹಣವನ್ನು ಠೇವಣಿಯಲ್ಲೇ ಇಡಿ. ಉಳಿದದ್ದನ್ನು ಲಿಕ್ವಿಡ್ ಫಂಡ್‌ನಲ್ಲಿಟ್ಟು, 12ರಿಂದ 18 ತಿಂಗಳ ಕಂತುಗಳಲ್ಲಿ ಷೇರು ಫಂಡ್‌ಗೆ ವರ್ಗಾಯಿಸಿ. ಎಸ್‌ಟಿಪಿ ಎಂದು ಕೇಳಿದರೆ ಫಂಡ್ ಕಚೇರಿಯಲ್ಲಿ ಅರ್ಜಿ ಕೊಡುತ್ತಾರೆ. ನಿಫ್ಟಿ 500ರಲ್ಲಿ ಮೂರನೇ ಎರಡು ಭಾಗ ಷೇರುಗಳು 200 ದಿನಗಳ ಸರಾಸರಿ ದಾಟಿ ಕೆಲವು ವಾರ ಅಲ್ಲೇ ನಿಂತರೆ, ಆಗ ವಿಐಎಕ್ಸ್ 16 ಇದ್ದರೂ ಕಂತುಗಳನ್ನು ಸ್ವಲ್ಪ ಬೇಗ ಮುಗಿಸಲು ನನ್ನ ಒಪ್ಪಿಗೆಯಿದೆ.