ಬೀದಿಮರಿ ಮನೆಗೆ ಬಂದ ಮೊದಲ ವಾರ

ಪುಟ್ಟಿ, ನೀನು ತಂದ ಮರಿಯ ಬಾಯಿ ಬಿಡಿಸಿ ನೋಡಿದೆ. ಸೂಜಿಮೊನೆಯಂಥ ಹಾಲುಹಲ್ಲು ಹೆಚ್ಚುಕಡಿಮೆ ಎಲ್ಲ ಬಂದಿವೆ, ಒಂದೂವರೆ ಎರಡು ತಿಂಗಳಿರಬೇಕು. ಪಕ್ಕೆಲುಬು ಎಣಿಸುವ ಹಾಗಿದ್ದರೂ ಹೊಟ್ಟೆ ಮಾತ್ರ ಗುಂಡಗಿದೆ. ಅದು ಉಂಡ ಹೊಟ್ಟೆಯಲ್ಲ ಕಣೇ, ಜಂತುಹುಳು ಇರಬಹುದು. ನಾಳೆ ಬೆಳಿಗ್ಗೆಯೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗು. ಜಂತಿನ ಔಷಧಿ ಮರಿಯ ತೂಕ ನೋಡಿ ಕೊಡುವಂಥದ್ದು, ಅಂಗಡಿಯಲ್ಲಿ ಕೇಳಿ ತಂದು ಹಾಕಬೇಡ.

ಬಡಪಾಯಿ ಹಸಿದಿದೆ ಎಂದು ಒಂದೇ ಸಲಕ್ಕೆ ತಟ್ಟೆ ತುಂಬ ಇಡಬೇಡ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಉಪ್ಪು, ಖಾರ, ಮಸಾಲೆ ಇಲ್ಲದೆ ಬೇಯಿಸಿ ಮೂಳೆ ತೆಗೆದ ಕೋಳಿ ಮಾಂಸ ಹಿಸುಕಿ, ಸ್ವಲ್ಪ ಸ್ವಲ್ಪವೇ ದಿನಕ್ಕೆ ನಾಲ್ಕು ಸಲ ಹಾಕು. ಇದು ಮೊದಲ ಕೆಲವು ದಿನಕ್ಕೆ ಸರಿ, ಮುಂದೆ ಏನು, ಎಷ್ಟು ಎಂದು ಡಾಕ್ಟರನ್ನು ಕೇಳಿಕೋ. ನೀರು ಸದಾ ಇರಲಿ. ಹಸುವಿನ ಹಾಲು ಬೇಡ, ಎಷ್ಟೋ ಮರಿಗಳಿಗೆ ಅದು ಅರಗದೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಅಜ್ಜಿ ಪ್ರೀತಿಯಿಂದ ಸಾರನ್ನ ಹಾಕಲು ಬಂದರೂ ತಡಿ.

ಊಟ ಇಷ್ಟು ಸಪ್ಪೆ ಇಡು ಎನ್ನುವುದಕ್ಕೆ ಕಾರಣವಿದೆ. ಬೀದಿಯಲ್ಲಿ ಪಾರ್ವೊ ಎಂಬ ವೈರಸ್ ಕಾಯಿಲೆ ತಗುಲಿದ್ದರೆ ಅದು ಹೊರಗೆ ಕಾಣಿಸುವುದು ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ, ಅಂದರೆ ಇದೇ ವಾರದಲ್ಲಿ. ಸಿಕ್ಕಿದ್ದೆಲ್ಲ ತಿನ್ನಿಸಿದರೆ ಭೇದಿ ತಿಂಡಿಯಿಂದಲೋ ಕಾಯಿಲೆಯಿಂದಲೋ ತಿಳಿಯದೆ ದಿನ ಕಳೆದುಹೋಗುತ್ತದೆ. ಮರಿ ಊಟ ಬಿಟ್ಟು ಮೂಲೆ ಸೇರಿದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ನಾರುವ ನೀರುಭೇದಿಯೋ ರಕ್ತಭೇದಿಯೋ ಆದರೆ, ಬೆಳಗಾಗಲಿ ಎಂದು ಕಾಯಬೇಡ. ಮಜ್ಜಿಗೆ, ಮನೆಮದ್ದು, ನಮ್ಮ ಜ್ವರದ ಮಾತ್ರೆ ಯಾವುದೂ ಬೇಡ. ಎಳೆಯ ಮರಿಯ ಮೈಯ ನೀರು ಬೇಗ ಬತ್ತಿಹೋಗುತ್ತದೆ, ಡ್ರಿಪ್ ಹಾಕಬೇಕಾಗಬಹುದು.

ಲಸಿಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ ಶುರು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ನಾಲ್ಕು ತಿಂಗಳಾಗುವ ತನಕ. ತಾಯಿಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿರುವಾಗ ಹಾಕಿದ ಲಸಿಕೆ ನಾಟದೆ ಹೋಗಬಹುದು. ಆ ರಕ್ಷಣೆ ಯಾವಾಗ ಕರಗುತ್ತದೆಂದು ಹೇಳಲಾಗದು, ಅದಕ್ಕೇ ಇಷ್ಟು ಸಲ. ಒಂದು ಹಾಕಿಸಿ ಸುಮ್ಮನಾದರೆ ಸಾಲದು. ರೇಬೀಸ್ ಲಸಿಕೆ ಮೂರು ತಿಂಗಳ ಹೊತ್ತಿಗೆ. ಡಾಕ್ಟರು ಕಾರ್ಡಿನಲ್ಲಿ ಬರೆದ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಗುರುತುಹಾಕು, ಮೊಬೈಲಿನಲ್ಲಿ ಎರಡು ದಿನ ಮೊದಲೇ ಅಲಾರಂ ಇಡು. ಅಷ್ಟೂ ಮುಗಿಯುವ ತನಕ ಬೀದಿನಾಯಿಗಳು ಓಡಾಡುವ ಕಡೆ ಮರಿಯನ್ನು ನೆಲಕ್ಕೆ ಬಿಡಬೇಡ.

ಇನ್ನೊಂದು ನಿನ್ನ ವಿಷಯ. ಆಟಕ್ಕೇ ಆಗಲಿ, ಮರಿಯ ಹಲ್ಲೋ ಉಗುರೋ ತಾಗಿ ಚರ್ಮ ತರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ತೋರಿಸು. ಅಮ್ಮ ಬೈಯುತ್ತಾಳೆಂದು ಮುಚ್ಚಿಡಬೇಡ.