ಅಣ್ಣನ ಸಂಬಳವನ್ನೂ ಸೇರಿಸಬೇಕೇ?

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಕುಟುಂಬದ ವಾರ್ಷಿಕ ಆದಾಯ’ ಎಂಬ ಸಾಲಿಗೆ ಬಂದಾಗ ಮನೆಮಂದಿಯೆಲ್ಲ ತಡವರಿಸುತ್ತಾರೆ. ಕೈಗೆ ಬರುವ ಸಂಬಳ ಬರೆಯಬೇಕೇ, ಒಟ್ಟು ಸಂಬಳವೇ? ಅಮ್ಮನ ಹೊಲಿಗೆಯ ದುಡ್ಡು ಲೆಕ್ಕಕ್ಕೆ ಬರುತ್ತದೆಯೇ? ಬೆಂಗಳೂರಲ್ಲಿ ದುಡಿಯುವ ಅಣ್ಣನದು? ಹತ್ತಿರದ ಸೈಬರ್ ಸೆಂಟರಿನವರು ‘ಕಡಿಮೆ ಹಾಕಿಬಿಡಿ, ನಡೆಯುತ್ತೆ’ ಅನ್ನುತ್ತಾರೆ. ಆ ಮಾತು ಕೇಳಿ ಬರೆದವರು ಮುಂದೆ ಕಷ್ಟಕ್ಕೆ ಸಿಕ್ಕುತ್ತಾರೆ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಎಸ್ಸೆಸ್ಸೆಲ್ಸಿ ನಂತರದ ಓದಿಗೆ ಸಿಗುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೇ ತೆಗೆದುಕೊಳ್ಳೋಣ. ಇದಕ್ಕೆ ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ. ಯಾರ ಆದಾಯ ಎಂಬುದನ್ನು ಕೇಂದ್ರದ ಮಾರ್ಗಸೂಚಿ ಬಿಡಿಸಿ ಹೇಳಿದೆ: ತಂದೆ ತಾಯಿಯಲ್ಲಿ ಒಬ್ಬರಾದರೂ ಬದುಕಿದ್ದರೆ ಅವರ ಆದಾಯ ಮಾತ್ರ, ಆದರೆ ಎಲ್ಲ ಮೂಲಗಳಿಂದ ಬಂದದ್ದು. ಮನೆಯಲ್ಲಿ ಬೇರೆ ಯಾರು ದುಡಿದರೂ ಅದು ಲೆಕ್ಕಕ್ಕಿಲ್ಲ. ಇಬ್ಬರೂ ತೀರಿಕೊಂಡಿದ್ದರೆ ಮಾತ್ರ ಓದಿಸುತ್ತಿರುವ ಪೋಷಕರ ಆದಾಯ ನೋಡುತ್ತಾರೆ. ಮದುವೆಯಾದ, ಸ್ವಂತ ದುಡಿಮೆಯಿಲ್ಲದ ವಿದ್ಯಾರ್ಥಿನಿಯಾದರೆ ಗಂಡನ ಆದಾಯ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವೆಂದು ಅದನ್ನು ಬಿಡುವಂತಿಲ್ಲ. ಎಲ್ಲ ಮೂಲಗಳು ಎಂದರೆ ಅದೂ ಸೇರಿತು. ಒಂದು ರಿಯಾಯಿತಿ ಉಂಟು. ತೆರಿಗೆಯಿಂದ ವಿನಾಯಿತಿ ಇರುವ ಮನೆ ಬಾಡಿಗೆ ಭತ್ಯೆಯನ್ನು ಕಳೆಯಬಹುದು.

ಹಾಸನದ ಬಾಡಿಗೆ ಮನೆಯಲ್ಲಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಅಪ್ಪ ಖಾಸಗಿ ಶಾಲೆಯ ಗುಮಾಸ್ತ. ಒಟ್ಟು ಸಂಬಳ ತಿಂಗಳಿಗೆ 20,000, ಅದರಲ್ಲಿ 1,000 ಬಾಡಿಗೆ ಭತ್ಯೆ. ಪಿಎಫ್ ಇತ್ಯಾದಿ ಕಳೆದು ಕೈಗೆ ಬರುವುದು 17,600. ಅಮ್ಮ ಹೊಲಿಗೆಯಿಂದ ತಿಂಗಳಿಗೆ 1,500 ಸಂಪಾದಿಸುತ್ತಾರೆ. ಅಣ್ಣನಿಗೆ 15,000. ಕೈಗೆ ಬಂದದ್ದನ್ನೇ ಹಿಡಿದರೆ 2,11,200 ಆಗುತ್ತದೆ, ಅದು ತಪ್ಪು. ಅಮ್ಮನದನ್ನೂ ಅಣ್ಣನದನ್ನೂ ಕೂಡಿಸಿದರೆ ನಾಲ್ಕು ಲಕ್ಷ ದಾಟಿ, ಅರ್ಹ ಹುಡುಗಿ ಅರ್ಜಿಯನ್ನೇ ಹಾಕದೆ ಉಳಿಯುತ್ತಾಳೆ, ಅದೂ ತಪ್ಪು. ಸರಿಯಾದ ಲೆಕ್ಕ: ಅಪ್ಪನ 2,40,000, ಅಮ್ಮನ 18,000, ಒಟ್ಟು 2,58,000. ಭತ್ಯೆಗೆ ಪೂರ್ತಿ ವಿನಾಯಿತಿ ಇದ್ದರೆ 12,000 ಕಳೆದು 2,46,000. ಮಿತಿಯೊಳಗೇ ಇದೆ, ನಿಜವೂ ಆಗಿದೆ. ಆದರೆ ಬಾಡಿಗೆ ರಸೀದಿ ಮತ್ತು ಸಂಬಳದ ಚೀಟಿ ಕೈಯಲ್ಲಿರಬೇಕು.

ಕರ್ನಾಟಕದಲ್ಲಿ ಈ ಲೆಕ್ಕ ಮಾಡಬೇಕಾದ ಜಾಗ ನಾಡಕಚೇರಿ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಆದಾಯ ಪ್ರಮಾಣಪತ್ರದ RD ಸಂಖ್ಯೆ ಹಾಕಿದರೆ ವಿವರ ಅಲ್ಲಿಂದಲೇ ಬರುತ್ತದೆ. ಪ್ರಮಾಣಪತ್ರಕ್ಕೆ ಅರ್ಜಿ ಕೊಡುವಾಗಲೇ ಅಂಕಿ ಸರಿಯಿರಬೇಕು, ಗ್ರಾಮ ಆಡಳಿತ ಅಧಿಕಾರಿ ವಿಚಾರಿಸಿದಾಗಲೂ ಅದನ್ನೇ ಹೇಳಬೇಕು. ಪತ್ರದ ಅವಧಿ ಐದು ವರ್ಷ. ಮುಗಿಯುವ ದಿನಾಂಕವನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ನಡುವೆ ದುಡಿಯುವ ತಂದೆಯೋ ತಾಯಿಯೋ ತೀರಿಕೊಂಡು ಆದಾಯ ಮಿತಿಯೊಳಗೆ ಇಳಿದರೆ, ಆ ತಿಂಗಳಿನಿಂದಲೇ ಅರ್ಹತೆ ಹುಟ್ಟುತ್ತದೆ ಎಂದು ಮಾರ್ಗಸೂಚಿ ಹೇಳಿದ್ದುಂಟು. ಇದನ್ನು ತಿಳಿಯದೆ ಯಾರೂ ಓದು ಬಿಡುವಂತಾಗಬಾರದು.

ಸುಳ್ಳು ಹೇಳಿ ಪಡೆದದ್ದು ಗೊತ್ತಾದರೆ ವಿದ್ಯಾರ್ಥಿವೇತನ ರದ್ದಾಗುತ್ತದೆ, ಕೊಟ್ಟ ಹಣ ವಸೂಲಾಗುತ್ತದೆ. ಸುಳ್ಳೆಂದು ತಿಳಿದೂ ಪ್ರಮಾಣಪತ್ರವನ್ನು ನಿಜವೆಂದು ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 235ನೇ ಕಲಮಿನಡಿ ಅಪರಾಧ. ಸಹಿ ವಿದ್ಯಾರ್ಥಿಯದು, ಅರ್ಜಿ ತುಂಬಿಕೊಟ್ಟ ಅಂಗಡಿಯವನದಲ್ಲ.

ಆದಾಯದ ನಂತರ, ಅರ್ಜಿಯ ಸಾಧನೆಯ ಭಾಗದಲ್ಲಿ ಎಡವುವುದು ಸಣ್ಣ ಅಂಕಿಗಳಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 562 ಬಂದರೆ ಅದು ಶೇ 89.92. ಅದನ್ನು 90 ಎಂದು ಏರಿಸಿದರೆ ಅಂಕಪಟ್ಟಿಯ ಜೊತೆ ತಾಳೆಯಾಗುವುದಿಲ್ಲ. ಸಿಜಿಪಿಎಯನ್ನು ಶೇಕಡಾವಾರಿಗೆ ತರುವ ಸೂತ್ರ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಒಂದೇ ಅಲ್ಲ, ಹಾಗಾಗಿ ತಮ್ಮ ವಿಶ್ವವಿದ್ಯಾಲಯ ಕೊಟ್ಟದ್ದನ್ನೇ ಬಳಸಬೇಕು. ಪೂರಕ ಪರೀಕ್ಷೆಯಲ್ಲಿ ಪಾಸಾಗಿದ್ದರೆ ಹಾಗೆಂದೇ ಬರೆಯಬೇಕು. ಮೊದಲ ಯತ್ನದಲ್ಲೇ ಪಾಸಾಗಿರಬೇಕೆಂದು ಕೇಳುವ ಪ್ರೋತ್ಸಾಹಧನದ ಯೋಜನೆಗಳಿವೆ. ಖಾಸಗಿ ಟ್ರಸ್ಟ್‌ಗಳ ಅರ್ಜಿಯಲ್ಲಿ ಆಟೋಟ, ಎನ್‌ಸಿಸಿ ಕೇಳಿದರೆ ಯಾವ ವರ್ಷ, ಯಾವ ಮಟ್ಟ ಎಂದು ಬರೆಯಿರಿ. ತಾಲ್ಲೂಕು ಮಟ್ಟದ ಎರಡನೇ ಸ್ಥಾನಕ್ಕೆ ಪ್ರಮಾಣಪತ್ರ ಇದ್ದರೆ, ಪತ್ರವೇ ಇಲ್ಲದ ಜಿಲ್ಲಾ ಮಟ್ಟದ ಮೊದಲ ಸ್ಥಾನಕ್ಕಿಂತ ಅದಕ್ಕೇ ಬೆಲೆ.

ಹೆಸರಿನ ವಿಷಯದಲ್ಲಿ ಆಧಾರ್‌ಗೂ ಅಂಕಪಟ್ಟಿಗೂ ಇನಿಷಿಯಲ್ ಹಿಂದುಮುಂದಾಗಿರುವುದು ಸಾಮಾನ್ಯ. ಮುಂದಿನ ಓದಿನ ದಾಖಲೆಗಳೆಲ್ಲ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಹಿಡಿದು ಹೋಗುವುದರಿಂದ, ಅದು ಸರಿಯಿದ್ದರೆ ಆಧಾರನ್ನೇ ತಿದ್ದಿಸುವುದು ಸುಲಭ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಕಾಗುಣಿತವನ್ನು ಆಧಾರ್ ಕೇಂದ್ರದಲ್ಲೇ ಪರದೆ ನೋಡಿ ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು: ಹಣ ಜಮೆಯಾಗುವುದು ವಿದ್ಯಾರ್ಥಿಯ ಆಧಾರ್‌ಗೆ ಜೋಡಣೆಯಾದ ಖಾತೆಗೆ. ಎರಡು ಬ್ಯಾಂಕ್‌ಗಳಲ್ಲಿ ಖಾತೆ ಇದ್ದರೆ ಯಾವುದು ಜೋಡಣೆಯಾಗಿದೆ ಎಂಬುದು ಯುಐಡಿಎಐ ಜಾಲತಾಣದಲ್ಲಿ Bank Seeding Status ಒತ್ತಿದರೆ ಕಾಣುತ್ತದೆ. ಅಲ್ಲಿ ಕಾಣುವ ಬ್ಯಾಂಕಿನ ಖಾತೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿದ್ದರೆ ಅರ್ಜಿ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿ ಕೆವೈಸಿ ಕೊಟ್ಟು ಚಾಲ್ತಿ ಮಾಡಿಸಿಕೊಳ್ಳಬೇಕು.